ಟ್ರಾನ್ಸ್‌ಫರ್ ಆಗುದಿಲ್ಲ, ಕೆಲಸ ಬಿಡ್ತೇನೆ: ಕಂಪೆನಿ ಮೇಲೆ ದೂರು ಹಾಕದೆ ಮನೆ ಕಾರಣ ಕೊಟ್ಟು ರಾಜೀನಾಮೆ ಕೊಡುದು ಹೇಗೆ

ಟ್ರಾನ್ಸ್‌ಫರ್ ಆರ್ಡರ್ ಕೈಗೆ ಬಂತು, ಮನೇಲಿ ಎಲ್ಲರೂ ಕೂತು ಮಾತಾಡಿ ಆಯ್ತು, ಹೋಗ್ಲಿಕ್ಕೆ ಆಗುದಿಲ್ಲ ಅಂತ ತೀರ್ಮಾನವೂ ಆಯ್ತು. ಇನ್ನು ಎರಡು ಸಾಲು ಬರೆದು ಮೇಲ್ ಕಳ್ಸಿದ್ರೆ ಮುಗೀತು ಅಂತ ಹೆಚ್ಚಿನವರು ಅಂದ್ಕೊಳ್ತಾರೆ. ಆದ್ರೆ ಎಡವುದು ಇಲ್ಲೇ. ಆರ್ಡರ್‌ನಲ್ಲಿ ಹೊಸ ಊರಲ್ಲಿ ರಿಪೋರ್ಟ್ ಮಾಡ್ಲಿಕ್ಕೆ ಎರಡು ವಾರ ಟೈಮ್ ಕೊಟ್ಟಿರ್ತಾರೆ, ನಿಮ್ಮ ನೋಟಿಸ್ ಪೀರಿಯಡ್ ನೋಡಿದ್ರೆ ಎರಡು ತಿಂಗಳು ಇರ್ತದೆ. ಹಾಗಾದ್ರೆ ರಿಪೋರ್ಟಿಂಗ್ ಡೇಟ್ ದಾಟಿದ ಮೇಲೆ ಕೊನೆ ದಿನದ ತನಕ ನೀವು ಯಾವ ಆಫೀಸಲ್ಲಿ ಕೂತು ಕೆಲಸ ಮಾಡುದು? ಇದನ್ನ ಮೊದ್ಲೇ ಲಿಖಿತದಲ್ಲಿ ಬಗೆಹರಿಸಿಕೊಳ್ಳದೆ ಹೋದ್ರೆ ಎಷ್ಟೇ ಮರ್ಯಾದೆಯಾಗಿ ಬರೆದ ರಾಜೀನಾಮೆ ಇದ್ರೂ ರೆಕಾರ್ಡ್‌ನಲ್ಲಿ "ಹೇಳದೆ ಕೇಳದೆ ಗೈರುಹಾಜರು" ಅಂತ ಬೀಳ್ತದೆ, ರಿಲೀವಿಂಗ್ ಲೆಟರ್ ಅಲ್ಲಿಗೇ ನಿಲ್ತದೆ.

ನಮ್ಮ ಕಡೆ ಟ್ರಾನ್ಸ್‌ಫರ್ ಅಂದ್ರೆ ಎಂತ ಅಂತ ಯಾರಿಗೂ ವಿವರಿಸ್ಬೇಕಾಗಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಕರ್ಣಾಟಕ ಬ್ಯಾಂಕ್ ಎಲ್ಲ ಮಂಗ್ಳೂರು ಉಡುಪಿಯಲ್ಲೇ ಹುಟ್ಟಿದ್ದು, ಹಾಗಾಗಿ ಮನೆಗೊಬ್ಬರಾದ್ರೂ ಎಲ್ಲೋ ದೂರದ ಬ್ರಾಂಚಲ್ಲಿ ಒಂದಷ್ಟು ವರ್ಷ ಕಳೆದವರು ಇದ್ದಾರೆ. ಅದಕ್ಕೇ ಮೊದ್ಲು ಒಂದು ಎಚ್ಚರಿಕೆ ಹೇಳ್ಬೇಕು: ಈ ಲೇಖನ ಖಾಸಗಿ ಕಂಪೆನಿಯವರಿಗೆ ಮಾತ್ರ. ಸರ್ಕಾರಿ ನೌಕರಿಯಲ್ಲಿ, ಸರ್ಕಾರಿ ಬ್ಯಾಂಕಲ್ಲಿ ಹಳೇ ಪೆನ್ಷನ್ ವ್ಯವಸ್ಥೆಯೊಳಗೆ ಇರೋರು ಇದನ್ನ ನೋಡಿ ರಾಜೀನಾಮೆ ಬರೀಲೇಬೇಡಿ, ಅಲ್ಲಿ ರಾಜೀನಾಮೆ ಅಂದ್ರೆ ಹಿಂದಿನ ಸರ್ವಿಸೇ ಪೆನ್ಷನ್ ಲೆಕ್ಕದಿಂದ ಹೋಗ್ತದೆ. ಸ್ವಯಂ ನಿವೃತ್ತಿ ಬೇರೆ, ರಾಜೀನಾಮೆ ಬೇರೆ. ಯೂನಿಯನ್‌ನವರ ಹತ್ರ ಮಾತಾಡಿಯೇ ಮುಂದೆ ಹೋಗಿ.

ಒಂದು ಕೇಸ್ ಇಟ್ಕೊಂಡೇ ಹೇಳ್ತೇನೆ, ಆಗ ಲೆಕ್ಕ ಸರಿ ಅರ್ಥ ಆಗ್ತದೆ. ಉಡುಪಿ ಹತ್ರದ ಒಬ್ಬರು, ಮಂಗ್ಳೂರಲ್ಲಿ ಒಂದು ಹಣಕಾಸು ಕಂಪೆನಿಯ ಬ್ರಾಂಚಲ್ಲಿ ಅಕೌಂಟ್ಸ್ ನೋಡ್ಕೊಳ್ಳುವವರು, ದಿನಾ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ರಾತ್ರಿ ಮನೆಗೆ ಬರುದು ಅಂತ ಇಟ್ಕೊಳ್ಳಿ. ಕೆಲಸಕ್ಕೆ ಸೇರಿದ್ದು 2018 ಜೂನ್ 18. ತಿಂಗಳ ಸಂಬಳ ಒಟ್ಟು 64,000, ಅದರಲ್ಲಿ ಬೇಸಿಕ್ 32,000. ಅಪ್ಪನಿಗೆ ಕಿಡ್ನಿ ತೊಂದರೆ, ವಾರಕ್ಕೆ ಮೂರು ಸಲ ಡಯಾಲಿಸಿಸ್, ಅಮ್ಮನಿಗೆ ಮಂಡಿನೋವು, ಒಬ್ಬರೇ ಕರ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ. 2025 ನವೆಂಬರ್ 3ಕ್ಕೆ ಪುಣೆಗೆ ಆರ್ಡರ್ ಬಂತು, ನವೆಂಬರ್ 20ಕ್ಕೆ ಅಲ್ಲಿ ರಿಪೋರ್ಟ್ ಮಾಡ್ಬೇಕು. ನೋಟಿಸ್ ಪೀರಿಯಡ್ 60 ದಿನ.

ಆರ್ಡರ್ ಬಂದ ರಾತ್ರಿಯೇ ಅಪಾಯಿಂಟ್‌ಮೆಂಟ್ ಲೆಟರ್ ತೆಗೀರಿ

ಪತ್ರ ಬರೆಯುವ ಮೊದ್ಲು ನಿಮ್ಮದೇ ಅಪಾಯಿಂಟ್‌ಮೆಂಟ್ ಲೆಟರ್ ಓದಿ. ಸೇರುವಾಗ ಸಹಿ ಹಾಕಿದ್ದು, ಮತ್ತೆ ಯಾರೂ ತೆಗೆದು ನೋಡಿರುದಿಲ್ಲ. ಅದರಲ್ಲಿ "ಕಂಪೆನಿಯ ಯಾವುದೇ ಶಾಖೆಗೆ ವರ್ಗಾಯಿಸಬಹುದು" ಅನ್ನೋ ಸಾಲು ಹೆಚ್ಚುಕಡಿಮೆ ಎಲ್ಲರದ್ರಲ್ಲೂ ಇರ್ತದೆ. ಆ ಸಾಲು ಉಂಟು ಅಂತಾದ್ರೆ ಟ್ರಾನ್ಸ್‌ಫರ್ ಮಾಡುದು ಕಂಪೆನಿಯ ಹಕ್ಕು, ಸುಮ್ಮನೆ "ಹೋಗುದಿಲ್ಲ" ಅಂತ ಕೂತ್ರೆ ಆರ್ಡರ್ ಮೀರಿದ ಹಾಗೆ ಆಗ್ತದೆ, ಶೋಕಾಸ್ ನೋಟಿಸ್ ಬರ್ಬಹುದು. ಅದೇ ಗಡುವಿನೊಳಗೆ ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್ ಮಾಡ್ತೇನೆ ಅಂದ್ರೆ ನೀವು ಕಾಂಟ್ರಾಕ್ಟ್ ಒಳಗೇ ಇದ್ದೀರಿ. ಈ ವ್ಯತ್ಯಾಸ ಸಣ್ಣದಲ್ಲ.

ಮತ್ತೆ ನೋಟಿಸ್ ಸಾಲು ನೋಡಿ. ಎಷ್ಟು ದಿನ ಅನ್ನೋದರ ಜೊತೆಗೆ ನೋಟಿಸ್ ಮಾಡದಿದ್ರೆ ಯಾವುದರ ಮೇಲೆ ದುಡ್ಡು ಕಟ್ಬೇಕು ಅಂತ ಓದಿ, ಬೇಸಿಕ್ ಮೇಲಾ ಇಲ್ಲ ಒಟ್ಟು ಸಂಬಳದ ಮೇಲಾ. ನಮ್ಮ ಕೇಸಲ್ಲಿ ಬೇಸಿಕ್ ಮೇಲಾದ್ರೆ 64,000, ಒಟ್ಟು ಸಂಬಳದ ಮೇಲಾದ್ರೆ 1,28,000. ಒಂದೇ ಪದ ಆಚೀಚೆ ಆದ್ರೆ ಅಷ್ಟು ದುಡ್ಡು. ಟ್ರೈನಿಂಗ್ ಬಾಂಡ್ ಏನಾದ್ರೂ ಉಂಟಾ ಅಂತಲೂ ನೋಡಿ.

ಇದೇ ರಾತ್ರಿ ಮಾಡ್ಬೇಕಾದ ಇನ್ನೊಂದು ಕೆಲಸ: ಅಪಾಯಿಂಟ್‌ಮೆಂಟ್ ಲೆಟರ್, ಇನ್ಕ್ರಿಮೆಂಟ್ ಲೆಟರ್‌ಗಳು, ಪೇ ಸ್ಲಿಪ್, ಫಾರ್ಮ್ 16, ಟ್ರಾನ್ಸ್‌ಫರ್ ಆರ್ಡರ್, ಇಷ್ಟನ್ನ ನಿಮ್ಮ ಸ್ವಂತ ಫೋಲ್ಡರ್‌ಗೆ ಇಳಿಸಿಕೊಳ್ಳಿ. ರಾಜೀನಾಮೆ ಕೊಟ್ಟ ಮೇಲೆ ಪೋರ್ಟಲ್ ಯಾವಾಗ ಬಂದ್ ಆಗ್ತದೆ ಹೇಳ್ಲಿಕ್ಕೆ ಬರುದಿಲ್ಲ. ಆದ್ರೆ ನಿಮ್ಮ ಹೆಸರಿನ ಕಾಗದ ಮಾತ್ರ, ಕಸ್ಟಮರ್ ಲಿಸ್ಟೋ ಆಫೀಸಿನ ಶೀಟೋ ಒಂದೂ ಸ್ವಂತ ಮೇಲ್‌ಗೆ ಹೋಗ್ಬಾರ್ದು.

ನಿಜವಾಗಿ ದೂರು ಇದ್ರೆ ಈ ದಾರಿ ಹಿಡೀಬೇಡಿ

ಇದನ್ನ ಒತ್ತಿ ಹೇಳ್ತೇನೆ. ಮನೆ ಕಾರಣ ಕೊಟ್ಟು, ಕಂಪೆನಿ ಮೇಲೆ ಏನೂ ಹೇಳದೆ ಬರೆದ ರಾಜೀನಾಮೆ ಅಂದ್ರೆ ನೀವಾಗಿ ಬಿಟ್ಟದ್ದು ಅಂತ ಲೆಕ್ಕ. ಆರು ತಿಂಗಳು ಕಳೆದು "ನನ್ನನ್ನ ಓಡಿಸ್ಲಿಕ್ಕೇ ಟ್ರಾನ್ಸ್‌ಫರ್ ಮಾಡಿದ್ದು" ಅಂತ ಹೇಳ್ಲಿಕ್ಕೆ ಹೊರಟ್ರೆ ಅದೇ ಪತ್ರವನ್ನ ನಿಮ್ಮ ಎದುರು ಇಡ್ತಾರೆ. ಕಂಪ್ಲೇಂಟ್ ಕೊಟ್ಟದ್ದಕ್ಕೋ, ಯೂನಿಯನ್ ಸೇರಿದ್ದಕ್ಕೋ ಸೇಡಿಗೆ ಮಾಡಿದ ಟ್ರಾನ್ಸ್‌ಫರ್ ಅಂತ ನಿಮಗೆ ಗಟ್ಟಿಯಾಗಿ ಅನಿಸ್ತದೆ, ಕೈಯಲ್ಲಿ ದಾಖಲೆಯೂ ಉಂಟು ಅಂತಾದ್ರೆ ರಾಜೀನಾಮೆಗೆ ಮೊದ್ಲು ವಕೀಲರನ್ನೋ ಕಾರ್ಮಿಕ ಇಲಾಖೆಯವರನ್ನೋ ಕಾಣಿ. ದುರುದ್ದೇಶದಿಂದ, ಆಡಳಿತದ ನೀತಿ ಅನ್ನೋ ನೆಪದಲ್ಲಿ ಕೆಲಸಗಾರನನ್ನ ಬೇರೆ ಊರಿಗೆ ಹಾಕುದು ಕೈಗಾರಿಕಾ ಕಾನೂನಲ್ಲಿ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲೇ ಉಂಟು. ಮ್ಯಾನೇಜರ್ ದರ್ಜೆಯವರಿಗೆ ಆ ರಕ್ಷಣೆ ಸಿಗುದಿಲ್ಲ, ಅದನ್ನೂ ಕೇಳಿ ತಿಳ್ಕೊಳ್ಳಿ.

ಇಲ್ಲಿ ಮುಂದೆ ಹೇಳುದೆಲ್ಲ ಕಂಪೆನಿ ಜೊತೆ ಜಗಳ ಇಲ್ಲದವರಿಗೆ, ಮನೆ ಬಿಟ್ಟು ಹೋಗ್ಲಿಕ್ಕೆ ನಿಜವಾಗಿಯೂ ಆಗದವರಿಗೆ.

ಮೊದ್ಲು ಮಾತು, ಮತ್ತೆ ಮೇಲ್

ರಾಜೀನಾಮೆ ಮೇಲ್ ನೋಡಿಯೇ ಮ್ಯಾನೇಜರ್‌ಗೆ ವಿಷಯ ಗೊತ್ತಾಗ್ಬಾರ್ದು. ಅವರಿಗೂ ಮೇಲಿನವರಿಗೆ ಉತ್ತರ ಕೊಡ್ಲಿಕ್ಕುಂಟು, ಮತ್ತೆ ನಿಮ್ಮ ನೋಟಿಸ್ ಮಂಗ್ಳೂರಲ್ಲೇ ಆಗ್ಬೇಕಾದ್ರೆ ಶಿಫಾರಸು ಮಾಡುವವರು ಅವರೇ. ಎದುರು ಕೂತು ಹತ್ತು ನಿಮಿಷ ಮಾತಾಡಿ. ಒಂದೇ ಒಂದು ಸಲ ಬೇರೆ ದಾರಿ ಉಂಟಾ ಅಂತ ಕೇಳಿ, ಇಲ್ಲ ಅಂದ್ರೆ ಅಲ್ಲಿಗೇ ಬಿಟ್ಟು ಮುಂದಿನ ವಿಷಯಕ್ಕೆ ಬನ್ನಿ. ಹೀಗೆ:

"ಸರ್, ಪುಣೆ ಆರ್ಡರ್ ಬಂತು. ಅಪ್ಪನದ್ದು ನಿಮಗೆ ಗೊತ್ತುಂಟಲ್ಲ, ನನಗೆ ಊರು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ. ಇಲ್ಲಿ ಇಲ್ಲ ಉಡುಪಿ ಬ್ರಾಂಚಲ್ಲಿ ಬೇರೆ ಯಾವ ಪೋಸ್ಟ್ ಆದ್ರೂ ಉಂಟಾ?"

"ಇಲ್ಲ ಮಾರಾಯ್ರೆ, ನಾನು ಕೇಳಿ ನೋಡಿದೆ. ಮೇಲಿಂದಲೇ ಬಂದ ಲಿಸ್ಟ್ ಅದು."

"ಆಯ್ತು ಸರ್. ಹಾಗಾದ್ರೆ ನಾನು ರಿಸೈನ್ ಮಾಡ್ತೇನೆ. ನೋಟಿಸ್ ಪೂರ್ತಿ ಮಾಡ್ತೇನೆ, ಆದ್ರೆ ಇಲ್ಲೇ ಮಾಡ್ಲಿಕ್ಕೆ ನೀವು ಎಚ್‌ಆರ್‌ಗೆ ಒಂದು ಮಾತು ಹೇಳ್ಬೇಕು. ಡಿಸೆಂಬರ್ ಕ್ಲೋಸಿಂಗ್ ಮುಗಿಸಿಯೇ ಕೊಡ್ತೇನೆ."

ಇಷ್ಟೇ ಸಾಕು. ಇದರಲ್ಲಿ ಬೆದರಿಕೆ ಇಲ್ಲ, ಅತ್ತು ಕರೆಯುದೂ ಇಲ್ಲ, ಮತ್ತೆ ಕಂಪೆನಿಗೆ ಬೇಕಾದ ಒಂದು ವಿಷಯ ನೀವೇ ಕೊಡ್ತಾ ಇದ್ದೀರಿ. "ಟ್ರಾನ್ಸ್‌ಫರ್ ಕ್ಯಾನ್ಸಲ್ ಮಾಡದಿದ್ರೆ ಬಿಡ್ತೇನೆ" ಅಂತ ಚೌಕಾಸಿಗೆ ಇಳಿದ್ರೆ ಮತ್ತೆ ನೀವು ಏನೇ ಬರೆದ್ರೂ ಅದು ಹಟಕ್ಕೆ ಬರೆದದ್ದು ಅಂತ ಓದ್ತಾರೆ. ಇನ್ನು ಪೋಸ್ಟ್ ಇಲ್ಲದಿದ್ರೂ ಮೂರು ತಿಂಗಳು ಮುಂದೂಡ್ತೇವೆ ಅಂತ ಅವರೇ ಹೇಳಿದ್ರೆ ಮನೇಲಿ ಮತ್ತೊಮ್ಮೆ ಮಾತಾಡಿ, ಆದ್ರೆ ಬಾಯಿ ಮಾತಿಗೆ ನಿಲ್ಲಬೇಡಿ, ಮೇಲ್ ಬರ್ಲಿ.

ಪತ್ರ

ಹೆಚ್ಚಿನ ಆಫೀಸಲ್ಲಿ ಇದನ್ನ ಇಂಗ್ಲಿಷಲ್ಲೇ ಕಳ್ಸುದು, ಆದ್ರೆ ವಿಷಯ ಮತ್ತು ಅದರ ಕ್ರಮ ಹೀಗೇ ಇರ್ಲಿ:

> ದಿನಾಂಕ: 7 ನವೆಂಬರ್ 2025
>
> ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಿಗೆ
> ಪ್ರತಿ: ಶಾಖಾ ವ್ಯವಸ್ಥಾಪಕರು, ಮಂಗಳೂರು
>
> ವಿಷಯ: ರಾಜೀನಾಮೆ ಹಾಗೂ ನೋಟಿಸ್ ಅವಧಿಯನ್ನು ಮಂಗಳೂರು ಶಾಖೆಯಲ್ಲಿ ಪೂರೈಸಲು ಅನುಮತಿ ಕೋರಿಕೆ
>
> ಮಾನ್ಯರೇ,
>
> ಪುಣೆ ಶಾಖೆಗೆ ವರ್ಗಾವಣೆ ಮಾಡಿರುವ 3 ನವೆಂಬರ್ 2025ರ ಆದೇಶ ನನಗೆ ತಲುಪಿದೆ. ಮನೆಯಲ್ಲಿ ಹಿರಿಯರ ಆರೈಕೆಯ ಹೊಣೆ ನನ್ನ ಮೇಲಿರುವುದರಿಂದ ಸದ್ಯ ಬೇರೆ ಊರಿನಲ್ಲಿ ನೆಲೆಸಲು ನನಗೆ ಸಾಧ್ಯವಾಗುತ್ತಿಲ್ಲ. ಆದ್ದರಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ.
>
> ನೇಮಕಾತಿ ಪತ್ರದಂತೆ 60 ದಿನಗಳ ನೋಟಿಸ್ ಅವಧಿಯನ್ನು ಪೂರೈಸುತ್ತೇನೆ. 6 ಜನವರಿ 2026 ನನ್ನ ಕೊನೆಯ ಕೆಲಸದ ದಿನ. ಈ ಅವಧಿಯನ್ನು ಮಂಗಳೂರು ಶಾಖೆಯಲ್ಲೇ ಪೂರೈಸಲು ಅನುಮತಿ ನೀಡಿ, ಅಲ್ಲಿಯವರೆಗೆ ವರ್ಗಾವಣೆ ಆದೇಶವನ್ನು ತಡೆಹಿಡಿಯಬೇಕೆಂದು ಕೋರುತ್ತೇನೆ.
>
> ನನ್ನ ಬಳಿ ಇರುವ ಕೆಲಸಗಳ ಪಟ್ಟಿಯನ್ನು ಈ ವಾರದಲ್ಲೇ ಕೊಡುತ್ತೇನೆ. ನೀವು ಸೂಚಿಸಿದವರಿಗೆ ಅವನ್ನು ವಹಿಸಿಕೊಡುತ್ತೇನೆ. ರಾಜೀನಾಮೆಯ ಅಂಗೀಕಾರ ಮತ್ತು ಕೊನೆಯ ದಿನವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.
>
> ಇಲ್ಲಿ ಕೆಲಸ ಮಾಡಲು, ಕಲಿಯಲು ಸಿಕ್ಕ ಅವಕಾಶಕ್ಕೆ ವಂದನೆಗಳು.

ಇದರಲ್ಲಿ ಕಾರಣ ಒಂದೇ ಸಾಲಲ್ಲಿ ಮುಗೀತು ನೋಡಿ. ಅಪ್ಪನ ಕಾಯಿಲೆಯ ಹೆಸರಿಲ್ಲ, ಆಸ್ಪತ್ರೆ ಹೆಸರಿಲ್ಲ, ರಿಪೋರ್ಟ್ ಅಟ್ಯಾಚ್ ಮಾಡ್ಲಿಲ್ಲ. ಅದು ಬೇಡವೇ ಬೇಡ, ಯಾಕಂದ್ರೆ ಈ ಪತ್ರ ನಿಮ್ಮ ಫೈಲಲ್ಲಿ ಉಳೀತದೆ, ಅಪ್ಪನ ಆರೋಗ್ಯದ ವಿವರ ಯಾರ್ಯಾರ ಕಣ್ಣಿಗೋ ಬೀಳುದು ಸರಿಯಲ್ಲ, ಮತ್ತೆ ವಿವರ ಹೆಚ್ಚಾದಷ್ಟು ಪ್ರಶ್ನೆಯೂ ಹೆಚ್ಚಾಗ್ತದೆ. ಡಯಾಲಿಸಿಸ್ ಅಂತ ಬರೆದ್ರೆ ಪುಣೆಯಲ್ಲೂ ಒಳ್ಳೆ ಆಸ್ಪತ್ರೆ ಉಂಟಲ್ಲ ಅಂತ ಶುರುವಾಗ್ತದೆ. ನೀವು ರಜೆ ಕೇಳ್ತಾ ಇಲ್ಲ, ರಾಜೀನಾಮೆ ಕೊಡ್ತಾ ಇದ್ದೀರಿ, ಕಾರಣವನ್ನ ಸಾಬೀತು ಮಾಡುವ ಅಗತ್ಯ ಇಲ್ಲ. ಆದ್ರೆ ಕಾರಣ ಸತ್ಯ ಇರ್ಬೇಕು. ಇಲ್ಲದ ಕಾಯಿಲೆ ಮನೆಯವರ ಮೇಲೆ ಹಾಕುದು ಬೇಡ. ಮಗಳ ಎಸ್ಸೆಸ್ಸೆಲ್ಸಿಯೋ ಹೆಂಡತಿಯ ಕೆಲಸ ಇಲ್ಲೇ ಇರುದೋ ಕಾರಣ ಅಂತಾದ್ರೆ "ಕೌಟುಂಬಿಕ ಜವಾಬ್ದಾರಿಗಳಿಂದಾಗಿ" ಅಂತ ಬರೆದ್ರೆ ಸಾಕು.

ಇನ್ನು ದೂರು ನುಸುಳುದು ಹೇಗೆ ಅಂತ ನೋಡ್ಬೇಕು. ಬೈಯ್ಬೇಕು ಅಂತ ಯಾರೂ ಕೂತು ಬರೆಯುದಿಲ್ಲ, ಅದು ಒಂದೊಂದು ಪದದಲ್ಲಿ ಬಂದು ಕೂತ್ಕೊಳ್ತದೆ. "ಏಕಾಏಕಿ ಬಂದ ವರ್ಗಾವಣೆ ಆದೇಶದಿಂದ" ಅಂದ್ರೆ ಏಕಾಏಕಿ ಅನ್ನೋದೇ ದೂರು. "ಬೇರೆ ದಾರಿ ಕಾಣದೆ ರಾಜೀನಾಮೆ ಕೊಡುತ್ತಿದ್ದೇನೆ" ಅಂದ್ರೆ ಬಲವಂತ ಮಾಡಿದ್ರು ಅಂತ ಅರ್ಥ ಬರ್ತದೆ. "ಏಳು ವರ್ಷ ನಿಷ್ಠೆಯಿಂದ ದುಡಿದರೂ" ಅಂದ್ರೆ ಆ "ದರೂ" ಒಳಗೆ ಇಡೀ ಜಗಳ ಉಂಟು. "ನನ್ನ ಕೋರಿಕೆಯನ್ನು ಪರಿಗಣಿಸಲಿಲ್ಲ" ಅನ್ನೋ ಸಾಲಂತೂ ಮಾಮೂಲಿ ಎಲ್ಲರೂ ಬರೀತಾರೆ, ಅದು ಎಚ್‌ಆರ್ ಓದಿದ ಕೂಡ್ಲೇ ಉತ್ತರ ಕೊಡ್ಲಿಕ್ಕೆ ಹೊರಡ್ತಾರೆ, ಯಾವಾಗ ಕೇಳಿದ್ರಿ, ಯಾರನ್ನ ಕೇಳಿದ್ರಿ, ಆಗ ನಿಮ್ಮ ರಾಜೀನಾಮೆ ಪಕ್ಕಕ್ಕೆ ಹೋಗಿ ವಾದ ಮುಂದೆ ಬರ್ತದೆ. ಪರೀಕ್ಷೆ ಮಾಡ್ಲಿಕ್ಕೆ ಒಂದು ಸುಲಭ ದಾರಿ ಉಂಟು: ಪತ್ರದ ಪ್ರತಿ ವಾಕ್ಯದಲ್ಲಿ ಕೆಲಸ ಮಾಡುವವರು ಯಾರು ಅಂತ ನೋಡಿ. "ನನಗೆ ಸಾಧ್ಯವಾಗುತ್ತಿಲ್ಲ", "ನಾನು ಪೂರೈಸುತ್ತೇನೆ", "ನಾನು ಕೋರುತ್ತೇನೆ". ಕಂಪೆನಿ ಏನು ಮಾಡ್ತು, ಏನು ಮಾಡ್ಲಿಲ್ಲ ಅನ್ನೋ ವಾಕ್ಯ ಬಂದ್ರೆ, ಆದೇಶದ ತಾರೀಕು ಹೇಳುವ ಒಂದು ಸಾಲು ಬಿಟ್ಟು, ತೆಗೆದು ಹಾಕಿ.

"ನಿರಾಕರಿಸುತ್ತೇನೆ" ಅಂತಲೂ ಬರೀಬೇಡಿ. ಆದೇಶ ನಿರಾಕರಿಸಿದ್ದು ಅಂತ ನಿಮ್ಮ ಕೈಯಲ್ಲೇ ಬರೆದು ಕೊಟ್ಟ ಹಾಗೆ ಆಗ್ತದೆ. ಆಗುದಿಲ್ಲ ಅನ್ನೋದನ್ನ ಮತ್ತು ರಾಜೀನಾಮೆಯನ್ನ ಎರಡು ಬೇರೆ ಮೇಲ್‌ನಲ್ಲಿ ಹಾಕುದೂ ಬೇಡ, ಮೊದಲನೇದು ಹೋಗಿ ಎರಡನೇದು ನಾಲ್ಕು ದಿನ ತಡ ಆದ್ರೆ ಆ ನಾಲ್ಕು ದಿನ ನೀವು ಬರೀ ಆರ್ಡರ್ ಮೀರಿದವರು.

ಪೋರ್ಟಲ್‌ನಲ್ಲೂ ರಿಸೈನ್ ಹಾಕ್ಲಿಕ್ಕೆ ಇದ್ರೆ ಅದೇ ದಿನ ಹಾಕಿ, ಕಾರಣದ ಪಟ್ಟಿಯಲ್ಲಿ ವೈಯಕ್ತಿಕ ಇಲ್ಲ ಕುಟುಂಬ ಅಂತ ಇರುದನ್ನೇ ಆರಿಸಿ. ಪತ್ರದಲ್ಲಿ ಮನೆ ಕಾರಣ, ಪೋರ್ಟಲ್‌ನಲ್ಲಿ "ಸ್ಥಳಾಂತರ ಇಷ್ಟವಿಲ್ಲ", ಎಕ್ಸಿಟ್ ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಮೇಲೆ ಕಂಪ್ಲೇಂಟ್, ಹೀಗೆ ಮೂರು ಕಡೆ ಮೂರು ಆದ್ರೆ ಮುಂದಿನ ಕಂಪೆನಿಯವರು ವೆರಿಫಿಕೇಶನ್‌ಗೆ ಫೋನ್ ಮಾಡಿದಾಗ ಏನು ಉತ್ತರ ಹೋಗ್ತದೋ ದೇವರಿಗೇ ಗೊತ್ತು. ಮಂಗ್ಳೂರು ಉಡುಪಿಯಲ್ಲಿ ಒಂದೇ ಲೈನಿನ ಆಫೀಸುಗಳ ಮ್ಯಾನೇಜರ್‌ಗಳು ಒಬ್ಬರಿಗೊಬ್ಬರು ಗುರ್ತ ಇರ್ತಾರೆ. ಚಾ ಕುಡಿಯುವಲ್ಲಿ ಹೇಳಿದ ಮಾತೂ ತಲುಪ್ತದೆ. ಆಫೀಸಿನ ವಾಟ್ಸಾಪ್ ಗ್ರೂಪಲ್ಲೂ ಅದೇ ಒಂದು ಸಾಲು: ಮನೇಲಿ ಅಪ್ಪನನ್ನ ನೋಡ್ಕೊಳ್ಳಿಕ್ಕುಂಟು, ಹಾಗೆ ಬಿಟ್ಟೆ.

ನಡುವಿನ ದಿನಗಳು

ಈಗ ಮುಖ್ಯ ವಿಷಯ. ನವೆಂಬರ್ 7ಕ್ಕೆ ಮೇಲ್ ಹೋಯ್ತು, ಪುಣೆ ತಾರೀಕು 20. ಈ ಹದಿಮೂರು ದಿನದೊಳಗೆ ಎಚ್‌ಆರ್‌ನಿಂದ ಲಿಖಿತ ಉತ್ತರ ತರಿಸ್ಬೇಕು. ಉತ್ತರ ಬರ್ಲಿಲ್ಲ ಅಂದ್ರೆ 12ಕ್ಕೆ ಒಂದು, 17ಕ್ಕೆ ಒಂದು ನೆನಪಿನ ಮೇಲ್ ಹಾಕಿ, ಅದೇ ಮೇಲ್‌ನ ಕೆಳಗೆ, ಎರಡೇ ಸಾಲು. ಫೋನಲ್ಲಿ "ಆಯ್ತು ಆಯ್ತು, ನೀವು ಅಲ್ಲೇ ಇರಿ" ಅಂದ್ರೆ ಕೂಡ್ಲೇ ಬರೀರಿ: "ಇಂದು ಫೋನಿನಲ್ಲಿ ತಿಳಿಸಿದಂತೆ 6 ಜನವರಿವರೆಗೆ ಮಂಗಳೂರು ಶಾಖೆಯಲ್ಲೇ ಕೆಲಸ ಮುಂದುವರಿಸುತ್ತೇನೆ." ಅವರು ಉತ್ತರ ಕೊಡದಿದ್ರೂ ಅದೊಂದು ದಾಖಲೆ.

ಹೆಚ್ಚಾಗಿ ತಪ್ಪುದು ಎಲ್ಲಿ ಅಂದ್ರೆ ಸಿಸ್ಟಮ್‌ನಲ್ಲಿ. ರಾಜೀನಾಮೆ ಒಂದು ಡೆಸ್ಕಲ್ಲಿ, ಟ್ರಾನ್ಸ್‌ಫರ್ ಇನ್ನೊಂದು ಡೆಸ್ಕಲ್ಲಿ ಇರ್ತದೆ. 20ನೇ ತಾರೀಕಿಗೆ ಮಂಗ್ಳೂರು ಬ್ರಾಂಚ್‌ನಿಂದ ನಿಮ್ಮನ್ನ ತಾನಾಗಿ ರಿಲೀವ್ ಮಾಡಿ ಪುಣೆ ಲೆಕ್ಕಕ್ಕೆ ಹಾಕಿಬಿಡ್ತದೆ. ಬೆಳಿಗ್ಗೆ ಬಂದು ಬೆರಳು ಇಟ್ರೆ ಮೆಷಿನ್ ತಗೊಳ್ಳುದಿಲ್ಲ, ಇಲ್ಲ ತಗೊಂಡ್ರೂ ಪುಣೆಯಲ್ಲಿ ನಿಮ್ಮ ಹೆಸರಿನ ಎದುರು ಆಬ್ಸೆಂಟ್ ಬೀಳ್ತಾ ಹೋಗ್ತದೆ, ನಿಮಗೆ ಗೊತ್ತಾಗುದು ತಿಂಗಳ ಕೊನೆಗೆ ಸಂಬಳ ಅರ್ಧ ಬಂದಾಗ. ಅದಕ್ಕೆ ರಿಪೋರ್ಟಿಂಗ್ ತಾರೀಕಿನ ಮರುದಿನವೇ ಪೋರ್ಟಲ್ ತೆರೆದು ನಿಮ್ಮ ಬ್ರಾಂಚ್ ಯಾವುದು ತೋರಿಸ್ತದೆ, ಹಾಜರಿ ಎಲ್ಲಿ ಬೀಳ್ತಾ ಉಂಟು ಅಂತ ನೋಡಿ. ಬದಲಾಗಿದ್ರೆ ಸ್ಕ್ರೀನ್‌ಶಾಟ್ ತೆಗೆದು ಅದೇ ದಿನ ಎಚ್‌ಆರ್‌ಗೆ, ಮ್ಯಾನೇಜರ್‌ಗೆ ಮೇಲ್ ಮಾಡಿ, ನಾನು ಮಂಗ್ಳೂರು ಬ್ರಾಂಚಲ್ಲಿ ಹಾಜರಿದ್ದೇನೆ ಅಂತ.

ಎಚ್‌ಆರ್ ಒಪ್ಪದೆ "ನೋಟಿಸ್ ಪುಣೆಯಲ್ಲೇ ಮಾಡ್ಬೇಕು" ಅಂದ್ರೆ? ಹಾಗೆ ಹೇಳುವವರೂ ಇದ್ದಾರೆ. ಆಗ ಮನೇಲಿ ಕೂರುದು ಮಾತ್ರ ಮಾಡ್ಬೇಡಿ. ಒಂದು ದಾರಿ, ನೋಟಿಸ್ ದುಡ್ಡು ಕಟ್ಟಿ ಹೊರಗೆ ಬರುದು, ನಮ್ಮ ಕೇಸಲ್ಲಿ ಅದು 19ರ ತನಕ ದುಡಿದು ಉಳಿದ 48 ದಿನಕ್ಕೆ ಲೆಕ್ಕ. ಇನ್ನೊಂದು, ಹತ್ತು ಹದಿನೈದು ದಿನ ಪುಣೆಗೆ ಹೋಗಿ ಕೆಲಸ ವಹಿಸಿಕೊಟ್ಟು ಬರ್ತೇನೆ, ಉಳಿದದ್ದು ಇಲ್ಲಿಂದ ಮಾಡ್ತೇನೆ ಅಂತ ಕೇಳುದು, ಅಷ್ಟು ದಿನಕ್ಕೆ ಅಪ್ಪನನ್ನ ಕರ್ಕೊಂಡು ಹೋಗ್ಲಿಕ್ಕೆ ಮಾವನೋ ಅಣ್ಣನೋ ಸಿಕ್ಕಿದ್ರೆ ಇದು ನಡೀತದೆ, ಹೋಗಿ ಬರುವ ಮತ್ತು ಉಳಕೊಳ್ಳುವ ಖರ್ಚು ಯಾರದ್ದು ಅಂತ ಹೊರಡುವ ಮೊದ್ಲೇ ಬರೆಸಿಕೊಳ್ಳಿ. ಮೂರನೇದು, ಎರಡೂ ಕಡೆಯವರು ಒಪ್ಪಿ ಬೇಗ ಬಿಡುಗಡೆ ಮಾಡುದು, ದುಡ್ಡು ನೀವೂ ಕಟ್ಟುದಿಲ್ಲ, ಅವರೂ ಕೊಡುದಿಲ್ಲ. ಕೇಳ್ಲಿಕ್ಕೆ ಇದು ಚಂದ. ಆದ್ರೆ ಹೂಂ ಅನ್ನುವ ಮೊದ್ಲು ಗ್ರಾಚ್ಯುಟಿ ಲೆಕ್ಕ ಹಾಕಿ.

ಕೊನೆಯ ದಿನ ಯಾವುದು ಅನ್ನೋದರ ಬೆಲೆ

ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷ ಸತತ ಸರ್ವಿಸ್ ಬೇಕು. ಲೆಕ್ಕ ಹೀಗೆ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ, ಅದನ್ನ 15ರಿಂದ ಗುಣಿಸಿ 26ರಿಂದ ಭಾಗಿಸಿ, ಮತ್ತೆ ವರ್ಷದಿಂದ ಗುಣಿಸುದು. ವರ್ಷ ಲೆಕ್ಕ ಹಾಕುವಾಗ ಕೊನೆಗೆ ಉಳಿಯುವ ಭಾಗ ಆರು ತಿಂಗಳು ದಾಟಿದ್ರೆ ಅದನ್ನ ಪೂರ್ತಿ ಒಂದು ವರ್ಷ ಅಂತ ಹಿಡೀತಾರೆ, ದಾಟದಿದ್ರೆ ಬಿಟ್ಟುಬಿಡ್ತಾರೆ.

ನಮ್ಮವರು 2018 ಜೂನ್ 18ಕ್ಕೆ ಸೇರಿದ್ದು. ನವೆಂಬರ್ 20ಕ್ಕೇ ಬಿಡುಗಡೆ ಆದ್ರೆ ಏಳು ವರ್ಷ ಐದು ತಿಂಗಳು, ಅಂದ್ರೆ ಏಳೇ ವರ್ಷ: 32,000ಕ್ಕೆ 1,29,231 ರೂಪಾಯಿ. ಜನವರಿ 6ರ ತನಕ ಇದ್ರೆ ಏಳೂವರೆ ವರ್ಷ ದಾಟ್ತದೆ, ಎಂಟು ವರ್ಷ ಅಂತ ಲೆಕ್ಕ: 1,47,692. ಬೇಗ ಬಿಡಿ ಅಂತ ನಾವೇ ಕೇಳಿದ್ರೆ ಒಂದೂವರೆ ತಿಂಗಳ ಸಂಬಳದ ಜೊತೆ ಈ 18,461 ಕೂಡ ಹೋಗ್ತದೆ. ಐದು ವರ್ಷಕ್ಕೆ ಹತ್ರ ಇರೋರಿಗಂತೂ ಇಡೀ ಗ್ರಾಚ್ಯುಟಿಯೇ ಒಂದು ತಾರೀಕಿನ ಮೇಲೆ ನಿಂತಿರ್ತದೆ. ಹಾಗಾಗಿ ಪತ್ರದಲ್ಲಿ ಕೊನೆ ದಿನ ಬರೆಯುವ ಮೊದ್ಲು ಸೇರಿದ ತಾರೀಕು ಎದುರಿಟ್ಟು ನೋಡಿ, ಹತ್ತು ಇಪ್ಪತ್ತು ದಿನ ಹೆಚ್ಚಿಗೆ ಕೆಲಸ ಮಾಡಿದ್ರೆ ಗೆರೆ ದಾಟ್ತದೆ ಅಂತಾದ್ರೆ ನೋಟಿಸ್ ಸ್ವಲ್ಪ ಉದ್ದ ಮಾಡ್ಲಿಕ್ಕೆ ಒಪ್ತಾರಾ ಕೇಳಿ. 2025 ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ವೇತನ ಅನ್ನೋದರ ಲೆಕ್ಕ ಬದಲಾಗಿದೆ, ಅಲವೆನ್ಸ್‌ಗಳು ಅರ್ಧಕ್ಕಿಂತ ಹೆಚ್ಚಿದ್ರೆ ಹೆಚ್ಚಿದ್ದ ಭಾಗವೂ ವೇತನಕ್ಕೆ ಸೇರ್ತದೆ. ನಿಮ್ಮ ಬೇಸಿಕ್ ತುಂಬ ಕಡಿಮೆ ಇಟ್ಟಿದ್ರೆ ಈ ಮಾತು ಎಚ್‌ಆರ್ ಹತ್ರ ಎತ್ತಿ.

ಅಪ್ಪ ಅಮ್ಮನ ಇನ್ಶೂರೆನ್ಸ್

ಮನೆಯವರ ಆರೋಗ್ಯಕ್ಕಾಗಿ ಕೆಲಸ ಬಿಡುವವರು ಮರೆಯುದು ಇದನ್ನೇ, ಬೇಸರದ ವಿಷಯ. ಕಂಪೆನಿಯ ಗ್ರೂಪ್ ಮೆಡಿಕ್ಲೇಮ್‌ನಲ್ಲಿ ಅಪ್ಪ ಅಮ್ಮನ ಹೆಸರಿದ್ರೆ ಅದು ಸಾಮಾನ್ಯವಾಗಿ ನಿಮ್ಮ ಕೊನೆಯ ಕೆಲಸದ ದಿನಕ್ಕೇ ಮುಗೀತದೆ. ವಯಸ್ಸಾದ, ಆಗಲೇ ಕಾಯಿಲೆ ಇರುವವರಿಗೆ ಹೊರಗಿಂದ ಹೊಸ ಪಾಲಿಸಿ ಸಿಗುದೂ ಕಷ್ಟ, ಸಿಕ್ಕಿದ್ರೂ ಹಳೇ ಕಾಯಿಲೆಗೆ ಕಾಯುವ ಅವಧಿ ಹಾಕ್ತಾರೆ. ಗ್ರೂಪ್ ಪಾಲಿಸಿಯಿಂದ ಅದೇ ಇನ್ಶೂರೆನ್ಸ್ ಕಂಪೆನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಿಕ್ಕೆ ಅವಕಾಶ ಉಂಟು, ಹಾಗೆ ಹೋದ್ರೆ ಗ್ರೂಪ್‌ನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಕಳೀತವೆ. ಆದ್ರೆ ಅವರು ಆರೋಗ್ಯ ನೋಡಿ ಇಲ್ಲ ಅಂತಲೂ ಹೇಳ್ಬಹುದು, ಪ್ರೀಮಿಯಂ ಹೆಚ್ಚು ಹಾಕ್ಬಹುದು. ಹಾಗಾಗಿ ನೋಟಿಸ್‌ನ ಮೊದಲ ವಾರದಲ್ಲೇ ಎಚ್‌ಆರ್‌ನಿಂದ ಪಾಲಿಸಿ ನಂಬರ್, ಎಷ್ಟು ವರ್ಷದಿಂದ ಹೆಸರಿದೆ ಅನ್ನೋ ದಾಖಲೆ ತಗೊಂಡು ಇನ್ಶೂರೆನ್ಸ್‌ನವರಿಗೆ ಅರ್ಜಿ ಹಾಕಿ. ಕೊನೆ ದಿನ ದಾಟಿದ ಮೇಲೆ ಓಡಾಡಿದ್ರೆ ಹೆಚ್ಚು ಸಲ ಬಾಗಿಲು ಮುಚ್ಚಿರ್ತದೆ.

ಇದೇ ಲೆಕ್ಕ ನೋಡಿ ಕೆಲವರು ಕೊನೆ ದಿನವನ್ನ ಸ್ವಲ್ಪ ಮುಂದೆ ಹಾಕಿಸಿಕೊಳ್ತಾರೆ, ಅದು ಬುದ್ಧಿವಂತಿಕೆಯೇ.

ಕೊನೆಯ ವಾರ ಮತ್ತು ಆಮೇಲೆ

ಕೆಲಸ ವಹಿಸಿಕೊಟ್ಟ ಪಟ್ಟಿಗೆ ತಗೊಂಡವರ ಸಹಿ ಇಲ್ಲ ಮೇಲ್ ಒಪ್ಪಿಗೆ ಬೇಕು. ಲ್ಯಾಪ್‌ಟಾಪ್, ಸಿಮ್, ಐಡಿ ಕಾರ್ಡ್, ಡ್ರಾಯರ್ ಕೀ ಕೊಟ್ಟದ್ದಕ್ಕೂ ರಸೀದಿ. ನೋ ಡ್ಯೂಸ್ ಫಾರ್ಮ್ ಹಿಡ್ಕೊಂಡು ನೀವೇ ತಿರುಗಿ, ಯಾಕಂದ್ರೆ ಟ್ರಾನ್ಸ್‌ಫರ್ ಆರ್ಡರ್ ಆದ ಕಾರಣ ಒಂದು ಸಹಿ ಪುಣೆಯಿಂದ ಬರ್ಬೇಕು ಅಂತ ಕೊನೆ ಗಳಿಗೆಯಲ್ಲಿ ಹೇಳುದುಂಟು, ಅದನ್ನ ಒಂದು ವಾರ ಮೊದ್ಲೇ ಕೇಳಿಟ್ಕೊಳ್ಳಿ.

ಎಕ್ಸಿಟ್ ಇಂಟರ್‌ವ್ಯೂನಲ್ಲಿ "ಟ್ರಾನ್ಸ್‌ಫರ್ ಆಗದಿದ್ರೆ ಇರ್ತಿದ್ರಾ?" ಅಂತ ಖಂಡಿತ ಕೇಳ್ತಾರೆ. ಸತ್ಯ ಹೇಳಿ, "ಹೌದು, ಮನೆಯಿಂದ ಓಡಾಡುವ ಹಾಗಿದ್ರೆ ಇರ್ತಿದ್ದೆ". ಇದರಲ್ಲಿ ಯಾರ ಮೇಲೂ ತಪ್ಪು ಹೊರಿಸಿದ ಹಾಗೆ ಆಗುದಿಲ್ಲ, ಮುಂದೆ ಯಾವತ್ತಾದ್ರೂ ಇಲ್ಲೇ ಪೋಸ್ಟ್ ಖಾಲಿ ಆದ್ರೆ ಕರೀಲಿಕ್ಕೂ ಒಂದು ದಾರಿ ಉಳೀತದೆ.

ರಿಲೀವಿಂಗ್ ಲೆಟರ್ ಕೈಗೆ ಬಂದಾಗ ಮೂರು ಸಾಲು ಓದಿ: ಸೇರಿದ ತಾರೀಕು, ಬಿಟ್ಟ ತಾರೀಕು, ಬಿಟ್ಟ ಕಾರಣ ಅಂತ ಏನು ಬರೆದಿದ್ದಾರೆ. ರಾಜೀನಾಮೆ ಅಂಗೀಕರಿಸಿ ಬಿಡುಗಡೆ ಮಾಡಿದೆ ಅಂತ ಇರ್ಬೇಕು. ಕೆಲಸದ ಸ್ಥಳ ಪುಣೆ ಅಂತ ಬಿದ್ದಿದ್ರೆ ಅಲ್ಲೇ ತಿದ್ದಿಸಿ, ನೀವು ಅಲ್ಲಿ ಒಂದು ದಿನವೂ ಕೂತವರಲ್ಲ.

ದುಡ್ಡಿನ ವಿಷಯ. ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಸಿಗ್ಬೇಕು, ಆದ್ರೂ ಕಂಪೆನಿಗಳು ಫುಲ್ ಅಂಡ್ ಫೈನಲ್‌ಗೆ ತಿಂಗಳು ಒಂದೂವರೆ ತಿಂಗಳು ತಗೊಳ್ಳುದು ರೂಢಿ. ಗ್ರಾಚ್ಯುಟಿಗೆ ಬಿಟ್ಟ 30 ದಿನದೊಳಗೆ ಅರ್ಜಿ ಕೊಡಿ, ತಾನಾಗಿ ಬರ್ತದೆ ಅಂತ ಕಾಯ್ಬೇಡಿ. ಫುಲ್ ಅಂಡ್ ಫೈನಲ್ ಶೀಟಲ್ಲಿ ನೋಟಿಸ್ ಕಡಿತ ಅಂತ ಏನಾದ್ರೂ ಉಂಟಾ ನೋಡಿ, ನವೆಂಬರ್ 20ರ ಮೇಲಿನ ದಿನಗಳನ್ನ ಗೈರು ಅಂತ ಹಿಡಿದಿದ್ರೆ ಅಲ್ಲಿ ಕಾಣ್ತದೆ, ಆಗ ನೀವು ಇಟ್ಟುಕೊಂಡ ಮೇಲ್ ಮತ್ತು ಹಾಜರಿ ಸ್ಕ್ರೀನ್‌ಶಾಟ್ ಕಳ್ಸಿದ್ರೆ ಮಾತು ಬೇಗ ಮುಗೀತದೆ.

ಪಿಎಫ್ ದುಡ್ಡನ್ನ ಕೂಡ್ಲೇ ತೆಗೀಲಿಕ್ಕೆ ಹೋಗ್ಬೇಡಿ, ಬೇರೆ ಕಡೆ ಸೇರಿದ ಮೇಲೆ ಅದೇ ಯುಎಎನ್‌ಗೆ ವರ್ಗಾಯಿಸಬಹುದು, ಐದು ವರ್ಷ ತುಂಬದೆ ತೆಗೆದ್ರೆ ಟ್ಯಾಕ್ಸ್ ಬೀಳ್ತದೆ. ಆದ್ರೆ ಬಿಟ್ಟ ತಾರೀಕು ಅದರಲ್ಲಿ ಏರಿದೆಯಾ ಅಂತ ನೋಡ್ಲೇಬೇಕು, ಅದು ಏರದಿದ್ರೆ ವರ್ಗಾವಣೆಯೂ ಆಗುದಿಲ್ಲ. ಕಂಪೆನಿ ಹಾಕದಿದ್ರೆ ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಮೆಂಬರ್ ಪೋರ್ಟಲ್‌ನಲ್ಲಿ `Manage` ಒಳಗೆ `Mark Exit` ಒತ್ತಿ ಹಾಕ್ಬಹುದು, ಆಧಾರ್‌ಗೆ ಸೇರಿಸಿದ ಮೊಬೈಲಿಗೆ ಒಟಿಪಿ ಬರ್ತದೆ. ತಾರೀಕು ರಿಲೀವಿಂಗ್ ಲೆಟರ್‌ನಲ್ಲಿ ಇರುದೇ ಹಾಕಿ, ಒಮ್ಮೆ ಹಾಕಿದ ಮೇಲೆ ತಿದ್ದುದು ದೊಡ್ಡ ರಗಳೆ.